ಲಕೋಟೆ ಒಡೆಯುವ ಮುನ್ನ, ಒಡೆದ ಮೇಲೆ

ಒಂದು ಆಸ್ಪತ್ರೆಯಲ್ಲಿ ರಕ್ತದೊತ್ತಡದ ಹೊಸ ಮಾತ್ರೆಯ ಟ್ರಯಲ್ ನಡೆಯುತ್ತಿದೆ. ಬೆಸ ತಾರೀಖಿನ ದಿನ ಓಪಿಡಿಯಲ್ಲಿ ಸೇರಿಸಿಕೊಂಡವರಿಗೆ ಹೊಸ ಮಾತ್ರೆ, ಸಮ ತಾರೀಖಿನ ದಿನ ಸೇರಿಸಿಕೊಂಡವರಿಗೆ ಹಳೆಯದು. ಎರಡೂ ಮಾತ್ರೆ ನೋಡುವುದಕ್ಕೆ ಒಂದೇ ಥರ. ಬಿಪಿ ಅಳೆಯುವ ನರ್ಸ್‌ಗೆ ಯಾರಿಗೆ ಯಾವ ಮಾತ್ರೆ ಎಂಬುದೂ ಗೊತ್ತಿಲ್ಲ, ಯಾರು ಯಾವತ್ತು ಸೇರಿದರು ಎಂಬುದೂ ಗೊತ್ತಿಲ್ಲ. ಸೇರಿದವರೆಲ್ಲರೂ ಕೊನೆಯವರೆಗೆ ಉಳಿದರು. ಈ ಟ್ರಯಲ್‌ನ ಫಲಿತಾಂಶವನ್ನು ಕೆಡಿಸಬಹುದಾದದ್ದು ಯಾವುದು? ಅಳೆಯುವವರ ಬಯಾಸ್, ಆಯ್ಕೆಯ ಬಯಾಸ್, ನೆನಪಿನ ಬಯಾಸ್, ನಡುವೆ ಬಿಟ್ಟುಹೋಗುವವರಿಂದ ಬರುವ ಬಯಾಸ್ ಎಂದು ಕೆಳಗೆ ನಾಲ್ಕು ಆಯ್ಕೆ.

ಎಂ.ಡಿ. ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಕಲಿಸುವ ನಾನು ಇದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಎಷ್ಟೋ ಸಲ ಕೊಟ್ಟಿದ್ದೇನೆ. ಬಯಾಸ್ ಎಂದರೆ ಫಲಿತಾಂಶವನ್ನು ಒಂದೇ ದಿಕ್ಕಿಗೆ ಎಳೆಯುವ ತಪ್ಪು. ಸಂಖ್ಯೆ ಹೆಚ್ಚಿಸಿದರೆ ಆಕಸ್ಮಿಕದ ಏರುಪೇರು ಕಡಿಮೆಯಾಗುತ್ತದೆ, ಬಯಾಸ್ ಆಗುವುದಿಲ್ಲ. ತಕ್ಕಡಿಯೇ ಓರೆಯಾಗಿದ್ದರೆ ಹತ್ತು ಸಲ ತೂಗಿ ಪ್ರಯೋಜನವಿಲ್ಲ. ಇಷ್ಟನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆಮೇಲೆ ಈ ಪ್ರಶ್ನೆಗೆ ಬಂದು ಎಡವುತ್ತಾರೆ. "ಸರ್, ಬಿಪಿ ನೋಡೋರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಡಬಲ್ ಬ್ಲೈಂಡ್ ಆಗಿದೆಯಲ್ಲ, ಇನ್ನೆಲ್ಲಿ ಬಯಾಸ್?" ಎಂದು ಒಬ್ಬರಾದರೂ ಕೇಳದೆ ತರಗತಿ ಮುಗಿಯುವುದಿಲ್ಲ.

ಪ್ರಶ್ನೆಯ ಕಟ್ಟಡವನ್ನು ಒಮ್ಮೆ ನೋಡಿ. ಮಾತ್ರೆಗಳು ಒಂದೇ ಥರ, ನರ್ಸ್‌ಗೆ ಏನೂ ಗೊತ್ತಿಲ್ಲ ಎಂಬ ವಾಕ್ಯಗಳು ಮೊದಲ ಆಯ್ಕೆಗೆ ಬೀಗ ಹಾಕಿವೆ. ಎಲ್ಲರೂ ಕೊನೆಯವರೆಗೆ ಉಳಿದರು ಎಂಬ ವಾಕ್ಯ ನಾಲ್ಕನೆಯದಕ್ಕೆ ಬೀಗ. ಇಲ್ಲಿ ಯಾರನ್ನೂ ಹಿಂದಿನದನ್ನು ನೆನಪಿಸಿಕೊಳ್ಳಿ ಎಂದು ಕೇಳಿಲ್ಲವಾದ್ದರಿಂದ ಮೂರನೆಯದು ಸುಮ್ಮನೆ ಸಾಲು ತುಂಬಿಸಲು ಬಂದದ್ದು. ಒಳ್ಳೆಯ ಪ್ರಶ್ನೆಯಲ್ಲಿ ಅಲಂಕಾರಕ್ಕೆಂದು ಬಂದ ವಾಕ್ಯ ಇರುವುದಿಲ್ಲ. ಒಂದೊಂದು ವಾಕ್ಯವೂ ಒಂದೊಂದು ಬಾಗಿಲು ಮುಚ್ಚುತ್ತದೆ, ಒಂದು ಬಾಗಿಲು ಮಾತ್ರ ತೆರೆದಿರುತ್ತದೆ. ಇಲ್ಲಿ ತೆರೆದಿರುವುದು ಓಪಿಡಿಯ ಬಾಗಿಲು. ಅಲ್ಲಿ ಕೂತ ವೈದ್ಯರ ಎದುರು ಕ್ಯಾಲೆಂಡರ್ ಇದೆ. ಇವತ್ತು 15, ಸೇರಿಸಿಕೊಂಡರೆ ಹೊಸ ಮಾತ್ರೆಯೇ ಎಂದು ಅವರಿಗೆ ಗೊತ್ತು. ಕಾಯಿಲೆ ಜೋರಾಗಿರುವ ಒಬ್ಬ ಅಜ್ಜಿ ಬಂದರು. ಹೊಸ ಮಾತ್ರೆ ತಡೆಯುತ್ತದೋ ಇಲ್ಲವೋ ಎಂದು ವೈದ್ಯರಿಗೆ ಅಳುಕು. "ನಾಳೆ ಬನ್ನಿ ಅಮ್ಮ" ಎಂದರು. ಅದರಲ್ಲಿ ಮೋಸವಿಲ್ಲ, ಇರುವುದು ಕನಿಕರ. ಆದರೆ ಹೀಗೆ ಇಪ್ಪತ್ತು ಅಜ್ಜಿಯರು ಸಮ ತಾರೀಖಿಗೆ ಸರಿದರೆ, ಹಳೆಯ ಮಾತ್ರೆಯ ಗುಂಪಿನಲ್ಲಿ ಕಾಯಿಲೆ ಹೆಚ್ಚಾದವರೇ ತುಂಬಿರುತ್ತಾರೆ. ಆಮೇಲೆ ನರ್ಸ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಳೆದರೂ ಅಷ್ಟೇ.

ಈ ಕನಿಕರ ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ ಸ್ಕಾಟ್ಲೆಂಡಿನದು. 1930ರಲ್ಲಿ ಲ್ಯಾನರ್ಕ್‌ಶೈರ್ ಎಂಬಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಟ್ಟರೆ ಬೆಳವಣಿಗೆ ಹೆಚ್ಚುತ್ತದೆಯೇ ಎಂದು ನೋಡಲು 20 ಸಾವಿರ ಮಕ್ಕಳನ್ನು ಸೇರಿಸಿದರು. 10 ಸಾವಿರ ಮಕ್ಕಳಿಗೆ ದಿನಕ್ಕೆ ಮುಕ್ಕಾಲು ಪಿಂಟ್ ಹಾಲು, ಉಳಿದವರಿಗೆ ಇಲ್ಲ. ಮಕ್ಕಳನ್ನು ಹಂಚುವಾಗ ಕೆಲವು ಕಡೆ ಚೀಟಿ ಎತ್ತಿದರು, ಕೆಲವು ಕಡೆ ಹೆಸರಿನ ಅಕ್ಷರ ನೋಡಿದರು. ಇಷ್ಟಾದ ಮೇಲೆ ಒಂದು ಗುಂಪಿನಲ್ಲಿ ಪುಷ್ಟ ಮಕ್ಕಳೋ ಸಣಕಲು ಮಕ್ಕಳೋ ಹೆಚ್ಚಾದಂತೆ ಕಂಡರೆ ಅದಲು ಬದಲು ಮಾಡಿ ಸರಿದೂಗಿಸಬಹುದು ಎಂದು ಮೇಷ್ಟ್ರುಗಳಿಗೆ ಬಿಟ್ಟರು. ಮೇಷ್ಟ್ರುಗಳೂ ಮನುಷ್ಯರೇ. ಹಾಲು ಯಾರಿಗೆ ಬೇಕೋ ಅವರಿಗೇ ಹೋಯಿತು. ಪ್ರಯೋಗ ಶುರುವಾಗುವ ಹೊತ್ತಿಗೇ ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿನವರಿಗಿಂತ ಎತ್ತರದಲ್ಲೂ ತೂಕದಲ್ಲೂ ಮುಂದಿದ್ದರು.

ಇದನ್ನು ಎತ್ತಿ ತೋರಿಸಿದ್ದು ವಿಲಿಯಂ ಗಾಸೆಟ್. ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದುಕೊಂಡು 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ನಮ್ಮ ವಿದ್ಯಾರ್ಥಿಗಳು ಹೆದರುವ ಟಿ-ಟೆಸ್ಟ್ ಅವರದೇ. 1931ರ ಅವರ ಟಿಪ್ಪಣಿಯಲ್ಲಿ ಇನ್ನೊಂದು ಸೊಗಸಾದ ಗಮನವಿದೆ. ಮಕ್ಕಳನ್ನು ಬಟ್ಟೆ ಹಾಕಿಕೊಂಡ ಹಾಗೆಯೇ ತೂಗಿದ್ದರು, ಮೊದಲ ಸಲ ಫೆಬ್ರವರಿಯ ಚಳಿಯಲ್ಲಿ, ಎರಡನೆಯ ಸಲ ಜೂನ್‌ನಲ್ಲಿ. ಅನುಕೂಲಸ್ಥರ ಮಕ್ಕಳು ಚಳಿಗಾಲದಲ್ಲಿ ದಪ್ಪ ಬಟ್ಟೆ ಹಾಕಿ ಬೇಸಗೆಯಲ್ಲಿ ತೆಗೆಯುತ್ತಾರೆ, ಬಡ ಮಕ್ಕಳಿಗೆ ಎರಡಕ್ಕೂ ಒಂದೇ ಅಂಗಿ. ಹಾಗಾಗಿ ಹಾಲಿಲ್ಲದ ಗುಂಪಿನ ಮಕ್ಕಳು ತಮ್ಮ ಬಟ್ಟೆಯ ತೂಕವನ್ನೂ ಕಳೆದುಕೊಂಡು ಹಾಲು ಇನ್ನಷ್ಟು ಒಳ್ಳೆಯದೆಂದು ಕಾಣುವ ಹಾಗೆ ಮಾಡಿರಬಹುದು. 20 ಸಾವಿರ ಮಕ್ಕಳ ಬದಲು 50 ಜೊತೆ ತದ್ರೂಪಿ ಅವಳಿಗಳನ್ನು ತೆಗೆದುಕೊಂಡಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ನಂಬುವ ಉತ್ತರ ಸಿಗುತ್ತಿತ್ತು ಎಂಬುದು ಅವರ ಲೆಕ್ಕ.

ಇನ್ನು ಬೀಗ ಹಾಕಿದವರ ಕಥೆ. 1947ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧದ ಹೆಸರು ಕೇಳಿಬರುತ್ತಿತ್ತು. ಯುದ್ಧ ಮುಗಿದು ದೇಶದ ಬಳಿ ಡಾಲರ್ ಇರಲಿಲ್ಲ, ಅಮೆರಿಕದಿಂದ ಸಿಕ್ಕಿದ್ದು ಸ್ವಲ್ಪವೇ. ಎಲ್ಲರಿಗೂ ಕೊಡಲು ಆಗದೆ ಇರುವುದರಿಂದ, ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಅನ್ಯಾಯವಲ್ಲ ಎಂದು ವಾದಿಸಿದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಅವರು ವೈದ್ಯರಲ್ಲ. ವೈದ್ಯರಾಗಬೇಕೆಂದಿದ್ದವರು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಲು ಹೋಗಿ ಕ್ಷಯ ತಗುಲಿಸಿಕೊಂಡು ಹಾಸಿಗೆ ಹಿಡಿದರು, ಅಂಚೆಯ ಮೂಲಕ ಅರ್ಥಶಾಸ್ತ್ರ ಓದಿ ಸಂಖ್ಯಾಶಾಸ್ತ್ರಕ್ಕೆ ಬಂದರು.

ಆ ಟ್ರಯಲ್‌ಗೆ ಆರಿಸಿಕೊಂಡಿದ್ದು ಎರಡೂ ಶ್ವಾಸಕೋಶಕ್ಕೆ ಹಬ್ಬಿ ವೇಗವಾಗಿ ಏರುತ್ತಿದ್ದ ಕ್ಷಯದ ಎಳೆಯ ವಯಸ್ಸಿನ ರೋಗಿಗಳನ್ನು, ಒಟ್ಟು 107 ಜನ. ಎಲ್ಲರಿಗೂ ಹಾಸಿಗೆಯ ವಿಶ್ರಾಂತಿ, ಆಗ ಇದ್ದ ಚಿಕಿತ್ಸೆಯೇ ಅದು. 55 ಜನರಿಗೆ ಅದರ ಜೊತೆ ಸ್ಟ್ರೆಪ್ಟೊಮೈಸಿನ್. ಯಾವ ರೋಗಿ ಯಾವ ಗುಂಪಿಗೆ ಎಂಬ ಸರಣಿಯನ್ನು ಹಿಲ್ ಅವರು ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ ಮಾಡಿದರು. ಪ್ರತಿ ಆಸ್ಪತ್ರೆಗೆ ಬೇರೆ, ಅದರಲ್ಲೂ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಪರೀಕ್ಷೆಯಲ್ಲಿ ಸ್ತರೀಕೃತ ರ‍್ಯಾಂಡಮೈಸೇಶನ್ ಎಂದು ಕೇಳುವುದು ಇದನ್ನೇ. ಆದರೆ ನಿಜವಾದ ಕುಶಲತೆ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಸರಣಿಯನ್ನು ಯಾವ ವೈದ್ಯರಿಗೂ ತೋರಿಸಲಿಲ್ಲ. ಒಂದೊಂದು ಕಾರ್ಡನ್ನೂ ಒಂದೊಂದು ಲಕೋಟೆಯಲ್ಲಿ ಮುಚ್ಚಿಟ್ಟರು. ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು, ಒಂದು ಕ್ರಮಸಂಖ್ಯೆ, ಬೇರೇನಿಲ್ಲ. ರೋಗಿಯ ಕಾಗದಗಳನ್ನು ಸಮಿತಿ ನೋಡಿ, ಸೇರಿಸಿಕೊಳ್ಳಬಹುದು ಎಂದು ಒಪ್ಪಿಕೊಳ್ಳಬೇಕು. ಒಪ್ಪಿದ ಮೇಲೆ ಕೇಂದ್ರ ಕಚೇರಿಯಲ್ಲಿ ಲಕೋಟೆ ಒಡೆಯುತ್ತಾರೆ. ಒಳಗಿನ ಕಾರ್ಡಿನಲ್ಲಿ S ಅಥವಾ C.

ಮೊದಲು ಒಪ್ಪಿಗೆ, ಆಮೇಲೆ ಲಕೋಟೆ ಎಂಬ ಈ ಕ್ರಮದ ಹೆಸರೇ ಹಂಚಿಕೆಯನ್ನು ಮರೆಮಾಡುವುದು, ಪುಸ್ತಕದ ಭಾಷೆಯಲ್ಲಿ ಅಲೊಕೇಶನ್ ಕನ್ಸೀಲ್‌ಮೆಂಟ್. ರ‍್ಯಾಂಡಮೈಸೇಶನ್ ಎಂದರೆ ಸರಣಿಯನ್ನು ಯಾರ ಇಷ್ಟಕ್ಕೂ ಬಿಡದೆ ಮಾಡುವುದು. ಕನ್ಸೀಲ್‌ಮೆಂಟ್ ಎಂದರೆ ಆ ಸರಣಿಯಲ್ಲಿ ಮುಂದಿನದು ಏನು ಎಂದು ರೋಗಿಯನ್ನು ಸೇರಿಸುವವರಿಗೆ ತಿಳಿಯದಂತೆ ಕಾಯುವುದು. ಬ್ಲೈಂಡಿಂಗ್ ಎಂದರೆ ಲಕೋಟೆ ಒಡೆದ ಮೇಲೂ ಯಾರಿಗೆ ಏನು ಎಂಬುದನ್ನು ಮುಚ್ಚಿಡುವುದು. ಮೂರೂ ಬೇರೆ. ಬ್ಲೈಂಡಿಂಗ್ ಎಲ್ಲ ಟ್ರಯಲ್‌ನಲ್ಲೂ ಸಾಧ್ಯವಿಲ್ಲ, ಶಸ್ತ್ರಚಿಕಿತ್ಸೆಯನ್ನು ಮಾಡುವವರಿಂದಲೇ ಮುಚ್ಚಿಡುವುದು ಹೇಗೆ? ಕನ್ಸೀಲ್‌ಮೆಂಟ್ ಮಾತ್ರ ಎಲ್ಲ ಟ್ರಯಲ್‌ನಲ್ಲೂ ಸಾಧ್ಯ. ಈ ಒಂದು ವ್ಯತ್ಯಾಸದ ಮೇಲೆ ಪರೀಕ್ಷಕರು ಎಷ್ಟು ಪ್ರಶ್ನೆ ಬೇಕಾದರೂ ಹೊಸೆಯಬಲ್ಲರು, ನಾನೂ ಹೊಸೆದಿದ್ದೇನೆ.

ಸ್ಟ್ರೆಪ್ಟೊಮೈಸಿನ್ ಟ್ರಯಲ್‌ಗೂ ಹತ್ತು ವರ್ಷ ಮೊದಲು, 1937ರಲ್ಲಿ, ಹಿಲ್ ಅವರೇ ವೈದ್ಯರಿಗಾಗಿ ಬರೆದ ಲೇಖನಗಳಲ್ಲಿ ಒಬ್ಬರು ಬಿಟ್ಟು ಒಬ್ಬರಿಗೆ ಕೊಡಿ ಎಂದಿದ್ದರು. ರ‍್ಯಾಂಡಮ್ ಎಂಬ ಮಾತು ಎತ್ತಿದರೆ ವೈದ್ಯರು ಹೆದರಿ ಓಡಿಯಾರು ಎಂದು ಬೇಕೆಂದೇ ಬಿಟ್ಟೆ ಎಂದು ಆಮೇಲೆ ಹೇಳಿಕೊಂಡರು. ಸರದಿಯ ಹಂಚಿಕೆಯಲ್ಲಿ ಲೆಕ್ಕದ ದೋಷವೇನೂ ಇಲ್ಲ. ದೋಷವಿರುವುದು ಸರದಿ ಎಲ್ಲರಿಗೂ ಗೊತ್ತಿರುವುದರಲ್ಲಿ. ತಾರೀಖು, ಹಾಸಿಗೆಯ ನಂಬರು, ಓಪಿಡಿ ಚೀಟಿಯ ಕೊನೆಯ ಅಂಕಿ, ಎಲ್ಲಕ್ಕೂ ಇದೇ ಕಾಯಿಲೆ. ನಿಜವಾದ ರ‍್ಯಾಂಡಮೈಸೇಶನ್ ಕೂಡ ಕೆಲವೊಮ್ಮೆ ಸೋರುತ್ತದೆ. ಎರಡೂ ಗುಂಪಿನ ಸಂಖ್ಯೆ ಸಮವಾಗಿರಲೆಂದು ನಾಲ್ಕು ನಾಲ್ಕರ ಕಟ್ಟು ಮಾಡಿ, ಪ್ರತಿ ಕಟ್ಟಿನಲ್ಲೂ ಎರಡು S ಎರಡು C ಇಡುವ ಪದ್ಧತಿಯಿದೆ. ಬ್ಲೈಂಡಿಂಗ್ ಇಲ್ಲದ ಟ್ರಯಲ್‌ನಲ್ಲಿ ಮೊದಲ ಮೂವರಿಗೆ S, S, C ಬಂದದ್ದನ್ನು ಕಂಡ ವೈದ್ಯರಿಗೆ ನಾಲ್ಕನೆಯದು ಏನೆಂದು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಕಟ್ಟಿನ ಗಾತ್ರವನ್ನು ನಡುನಡುವೆ ಬದಲಿಸುತ್ತಾರೆ, ಅದನ್ನು ಯಾರಿಗೂ ಹೇಳುವುದಿಲ್ಲ. ಲಕೋಟೆಯನ್ನು ದೀಪಕ್ಕೆ ಹಿಡಿದು ಒಳಗಿನ ಅಕ್ಷರ ಓದಿದವರೂ ಇದ್ದಾರೆ, ಅದಕ್ಕೆ ಬೆಳಕು ಹಾಯದ ಲಕೋಟೆ ಎಂಬ ಷರತ್ತು ಬಂತು. ಈಗ ದೊಡ್ಡ ಟ್ರಯಲ್‌ಗಳಲ್ಲಿ ಫೋನ್ ಅಥವಾ ಕಂಪ್ಯೂಟರ್ ಮೂಲಕ ಕೇಂದ್ರದಿಂದಲೇ ಹಂಚಿಕೆ ಬರುತ್ತದೆ. ಲಕೋಟೆಯೇ ಹೋಗಿದೆ, ಮೊದಲು ಒಪ್ಪಿಗೆ ಎಂಬ ಕ್ರಮ ಉಳಿದಿದೆ.

ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಬ್ಲೈಂಡಿಂಗ್ ಇತ್ತೇ? ಉತ್ತರ ಹೌದು, ಇಲ್ಲ ಎರಡೂ. ಔಷಧವನ್ನು ಆರು ಗಂಟೆಗೊಮ್ಮೆ ಸೂಜಿಯಲ್ಲಿ ನಾಲ್ಕು ತಿಂಗಳು ಕೊಡಬೇಕಿತ್ತು, ಎಂದರೆ ಒಬ್ಬರಿಗೆ ಹತ್ತಿರ ಹತ್ತಿರ 480 ಚುಚ್ಚು. ಉಳಿದ 52 ಜನರಿಗೆ ಹುಸಿ ಔಷಧವೆಂದು ಅಷ್ಟೂ ಸಲ ನೀರು ಚುಚ್ಚುವುದು ಬೇಡ ಎಂದು ತೀರ್ಮಾನಿಸಿದರು. ಹಾಗಾಗಿ ವಾರ್ಡಿನಲ್ಲಿ ಗುಟ್ಟು ಇರಲಿಲ್ಲ. ಆದರೆ ಎಕ್ಸ್-ರೇ ಫಿಲಂಗಳನ್ನು ಓದಿದ್ದು ಇಬ್ಬರು ರೇಡಿಯಾಲಜಿಸ್ಟ್ ಹಾಗೂ ಒಬ್ಬ ವೈದ್ಯರು, ಬೇರೆ ಬೇರೆಯಾಗಿ, ಫಿಲಂ ಯಾವ ಗುಂಪಿನವರದು ಎಂದು ತಿಳಿಯದೆ. ಆರು ತಿಂಗಳಿಗೆ ಎಕ್ಸ್-ರೇಯಲ್ಲಿ ಗಣನೀಯ ಸುಧಾರಣೆ ಕಂಡದ್ದು ಔಷಧ ಪಡೆದವರಲ್ಲಿ 28 ಜನರಿಗೆ, ಪಡೆಯದವರಲ್ಲಿ 4 ಜನರಿಗೆ. ಸತ್ತವರು ಇಲ್ಲಿ 4, ಅಲ್ಲಿ 14. ಸಾವಿಗೆ ಬ್ಲೈಂಡಿಂಗ್ ಅಷ್ಟಾಗಿ ಬೇಕಿಲ್ಲ, ನೋಡುವವರ ಮನಸ್ಸು ಸಾವನ್ನು ಹಿಗ್ಗಿಸಲಾರದು, ಕುಗ್ಗಿಸಲಾರದು. ಮಬ್ಬು ಫಿಲಂ ಅನ್ನು 'ಪರವಾಗಿಲ್ಲ' ಎನ್ನಬೇಕೋ 'ಸುಧಾರಿಸಿದೆ' ಎನ್ನಬೇಕೋ ಎಂಬಲ್ಲಿ ಮನಸ್ಸು ಕೈ ಹಾಕುತ್ತದೆ. ಪ್ರಶ್ನೆಯಲ್ಲಿ 'ಬ್ಲೈಂಡಿಂಗ್ ಇಲ್ಲದಿದ್ದರೆ ಹೆಚ್ಚು ಕೆಡುವ ಅಳತೆ ಯಾವುದು' ಎಂದು ಕೇಳಿ ಸಾವು, ಹಿಮೋಗ್ಲೋಬಿನ್, ನೋವಿನ ಅಂಕ ಎಂದು ಕೊಟ್ಟರೆ ನೋವಿನ ಅಂಕದ ಮುಂದೆ ಗುರುತು ಹಾಕಬೇಕಾದದ್ದು ಇದಕ್ಕೇ.

ಸಿಂಗಲ್ ಎಂದರೆ ರೋಗಿಗೆ ಗೊತ್ತಿಲ್ಲ, ಡಬಲ್ ಎಂದರೆ ರೋಗಿಗೂ ಚಿಕಿತ್ಸೆ ಕೊಡುವ, ಅಳೆಯುವ ತಂಡಕ್ಕೂ ಗೊತ್ತಿಲ್ಲ, ಟ್ರಿಪಲ್ ಎಂದರೆ ಲೆಕ್ಕ ಹಾಕುವವರಿಗೂ ಗೊತ್ತಿಲ್ಲ ಎಂದು ಬಾಯಿಪಾಠ ಮಾಡಿಸುತ್ತಾರೆ. ನನಗೆ ಈ ಎಣಿಕೆ ಹಿಡಿಸುವುದಿಲ್ಲ, ಯಾರಿಗೆ ಗೊತ್ತಿರಲಿಲ್ಲ ಎಂದು ನೇರ ಬರೆದರೆ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು, ಬ್ಲೈಂಡಿಂಗ್ ಇದೆ ಎಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಅದು ಉಳಿದಿರುತ್ತದೆ ಎಂದಲ್ಲ. ಅಮೆರಿಕದ ಎನ್‌ಐಎಚ್ ಸಂಸ್ಥೆಯ 311 ಉದ್ಯೋಗಿಗಳ ಮೇಲೆ ವಿಟಮಿನ್ ಸಿ ನೆಗಡಿಯನ್ನು ತಡೆಯುತ್ತದೆಯೇ ಎಂದು ನೋಡಿದ ಟ್ರಯಲ್ 1975ರಲ್ಲಿ ಪ್ರಕಟವಾಯಿತು. ಹುಸಿ ಕ್ಯಾಪ್ಸೂಲಿನಲ್ಲಿ ಲ್ಯಾಕ್ಟೋಸ್ ತುಂಬಿದ್ದರು. ಒಂದಷ್ಟು ಜನ ಕುತೂಹಲಕ್ಕೆ ಕ್ಯಾಪ್ಸೂಲ್ ಬಿಚ್ಚಿ ನಾಲಗೆಗೆ ಹಚ್ಚಿಕೊಂಡರು. ಹುಳಿಯೋ ಸಿಹಿಯೋ ತಿಳಿದುಬಿಟ್ಟಿತು. ಸಂಶೋಧಕರು ಕೊನೆಗೆ, ನಿಮಗೆ ಸಿಕ್ಕಿದ್ದು ಯಾವುದು ಎಂದು ಅನಿಸುತ್ತದೆ ಎಂದು ಎಲ್ಲರನ್ನೂ ಕೇಳಿದರು. ಊಹಿಸಲಾಗದವರನ್ನು ಮಾತ್ರ ತೆಗೆದುಕೊಂಡು ನೋಡಿದಾಗ ನೆಗಡಿಯ ದಿನಗಳಲ್ಲಿ ಕಂಡಿದ್ದ ಅಲ್ಪ ವ್ಯತ್ಯಾಸವೂ ಮಾಯವಾಯಿತು. ಬ್ಲೈಂಡಿಂಗ್ ಒಡೆದಿದೆಯೇ ಎಂದು ತಿಳಿಯುವ ಸುಲಭ ದಾರಿ ಹೀಗೆ ಕೇಳಿಬಿಡುವುದು.

ಟ್ರಯಲ್‌ನ ಹಂತಗಳ ಪ್ರಶ್ನೆಗಳು ಇವುಗಳಿಗಿಂತ ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಒಂದನೆಯ ಹಂತದಲ್ಲಿ ಬೆರಳೆಣಿಕೆಯಿಂದ ನೂರರ ಒಳಗಿನ ಆರೋಗ್ಯವಂತರು, ನೋಡುವುದು ಎಷ್ಟು ಡೋಸನ್ನು ದೇಹ ತಡೆಯುತ್ತದೆ ಎಂಬುದನ್ನು. ಕ್ಯಾನ್ಸರ್ ಔಷಧವಾದರೆ ಇಲ್ಲೂ ರೋಗಿಗಳೇ, ಈ ಅಪವಾದವನ್ನು ಪರೀಕ್ಷಕರು ತುಂಬಾ ಇಷ್ಟಪಡುತ್ತಾರೆ. ಎರಡನೆಯದರಲ್ಲಿ ಕೆಲವು ನೂರು ರೋಗಿಗಳು, ಔಷಧಕ್ಕೆ ಗುಣವಿದೆಯೇ, ಎಷ್ಟು ಡೋಸಿಗೆ ಎಂಬ ಪ್ರಶ್ನೆ. ಮೂರನೆಯದರಲ್ಲಿ ನೂರಾರು, ಸಾವಿರಾರು ಜನ, ಇಷ್ಟು ಹೊತ್ತು ಹೇಳಿದ ಲಕೋಟೆ, ಹುಸಿ ಔಷಧದ ಏರ್ಪಾಡೆಲ್ಲ ಮುಖ್ಯವಾಗಿ ಇಲ್ಲಿಯದು. ನಾಲ್ಕನೆಯದು ಔಷಧ ಅಂಗಡಿಗೆ ಬಂದ ಮೇಲೆ. ನಾಲ್ಕನೆಯದು ಏಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 3,000 ಜನರಲ್ಲಿ ಒಬ್ಬರಿಗೂ ಒಂದು ಅಡ್ಡಪರಿಣಾಮ ಆಗಲಿಲ್ಲ ಎಂದರೆ, ಅದು ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿರಲಾರದು ಎಂದು ಶೇಕಡ 95 ಭರವಸೆಯಿಂದ ಹೇಳಬಹುದು, ಅಷ್ಟೇ. ಹತ್ತು ಸಾವಿರಕ್ಕೆ ಒಬ್ಬರನ್ನು ಹಿಡಿಯುವ ಅಪಾಯ ಮೂರನೆಯ ಹಂತದ ಬಲೆಯಲ್ಲಿ ಬೀಳದೆ ನುಸುಳಿಹೋಗುತ್ತದೆ.

ಇನ್ನೊಂದು ಬಾಗಿಲು ಉಳಿಯಿತು, ಅದು ಹಿತ್ತಿಲ ಬಾಗಿಲು. ಲಕೋಟೆ ಒಡೆದು ಔಷಧ ಕೊಟ್ಟಾಯಿತು, ಒಬ್ಬರು ಮಾತ್ರೆ ನುಂಗಲೇ ಇಲ್ಲ. ಲೆಕ್ಕದಲ್ಲಿ ಅವರನ್ನು ಎಲ್ಲಿ ಸೇರಿಸಬೇಕು? "ಔಷಧ ತಗೊಂಡೇ ಇಲ್ಲ, ಬಿಟ್ಟುಬಿಡೋಣ ಸರ್" ಎನ್ನುವುದು ಸಹಜವಾದ ಉತ್ತರ, ತಪ್ಪಾದ ಉತ್ತರ. ಅಮೆರಿಕದ ಕೊರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ಟ್ರಯಲ್ ಒಮ್ಮೆ ಹೃದಯಾಘಾತವಾಗಿದ್ದ ಗಂಡಸರಿಗೆ ಕ್ಲೋಫೈಬ್ರೇಟ್ ಕೊಟ್ಟು ನೋಡಿತು. 1980ರಲ್ಲಿ ಬಂದ ಅದರ ಲೆಕ್ಕದಲ್ಲಿ, ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡವರಲ್ಲಿ ಐದು ವರ್ಷಕ್ಕೆ 100ಕ್ಕೆ 15 ಜನ ಸತ್ತರು, ಸರಿಯಾಗಿ ತೆಗೆದುಕೊಳ್ಳದವರಲ್ಲಿ ಸುಮಾರು 25. ಔಷಧ ಎಷ್ಟು ಒಳ್ಳೆಯದು ಅನ್ನಿಸುತ್ತದೆ ಅಲ್ಲವೇ? ಈಗ ಹುಸಿಗುಳಿಗೆಯ ಗುಂಪನ್ನು ನೋಡಿ. ಹುಸಿಗುಳಿಗೆಯನ್ನು ತಪ್ಪದೆ ನುಂಗಿದವರಲ್ಲೂ 15, ನುಂಗದವರಲ್ಲಿ ಸುಮಾರು 28. ಹುಸಿಗುಳಿಗೆ ಯಾರ ಜೀವವನ್ನೂ ಉಳಿಸಿರಲಿಲ್ಲ. ಹೇಳಿದ ಹೊತ್ತಿಗೆ ಗುಳಿಗೆ ನುಂಗುವ ಮನುಷ್ಯ ಬೇರೆ ವಿಷಯಗಳಲ್ಲೂ ಮೈಮೇಲೆ ಎಚ್ಚರವಿರುವವನು, ಇಲ್ಲವೇ ನುಂಗುವಷ್ಟು ಗಟ್ಟಿಯಾಗಿರುವವನು. ಅವನನ್ನು ಇಟ್ಟುಕೊಂಡು ಉಳಿದವರನ್ನು ಕೈಬಿಟ್ಟರೆ ಲಕೋಟೆ ಮಾಡಿದ ಸಮಪಾಲನ್ನು ನಾವೇ ಕೆಡಿಸಿದಂತೆ. ಲಕೋಟೆ ಯಾವ ಗುಂಪಿಗೆ ಹಾಕಿತೋ ಲೆಕ್ಕದಲ್ಲೂ ಅದೇ ಗುಂಪು ಎಂಬ ನಿಯಮ ಬಂದದ್ದು ಹೀಗೆ. ಇಂಟೆನ್ಷನ್ ಟು ಟ್ರೀಟ್ ಎಂಬ ಆಯ್ಕೆ ಕಂಡಾಗ ಹೆದರುವವರಿಗೆ ನಾನು ಈ 15, 15 ಎಂಬ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಕೊನೆಗೆ ನನ್ನ ಪತ್ರಿಕೆಗಳಲ್ಲಿ ಅತಿ ಹೆಚ್ಚು ಜನ ತಪ್ಪು ಉತ್ತರ ಕೊಟ್ಟ ಪ್ರಶ್ನೆ. ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನ ಅದೇ ರೋಗಿಗಳನ್ನು ಐದು ವರ್ಷದ ಮೇಲೆ ಹುಡುಕಿ ನೋಡಿದಾಗ, ಔಷಧ ಪಡೆದ 55 ಜನರಲ್ಲಿ 32 ಜನ ತೀರಿಕೊಂಡಿದ್ದರು, ಪಡೆಯದ 52 ಜನರಲ್ಲಿ 35. ಆರು ತಿಂಗಳಿಗೆ ಕಂಡ ದೊಡ್ಡ ಅಂತರ ಹೀಗೆ ಕರಗಿದ್ದು ಯಾವ ಬಯಾಸ್‌ನಿಂದ? ಆಯ್ಕೆಯದು, ಅಳತೆಯದು, ಬಿಟ್ಟುಹೋದವರದು ಎಂದು ಮೂರು ಕೊಟ್ಟು, ನಾಲ್ಕನೆಯದಾಗಿ 'ಇವು ಯಾವುದೂ ಅಲ್ಲ' ಎಂದು ಇಟ್ಟಿದ್ದೆ. ಹೆಚ್ಚಿನವರು ಮೊದಲ ಮೂರರಲ್ಲಿ ಒಂದನ್ನು ಹಿಡಿದರು. ಸರಿಯುತ್ತರ ನಾಲ್ಕನೆಯದು. ಲಕೋಟೆಯಲ್ಲಿ ತಪ್ಪಿರಲಿಲ್ಲ, ಫಿಲಂ ಓದುವುದರಲ್ಲೂ ಇರಲಿಲ್ಲ. ಒಂದೇ ಔಷಧ ತಿಂಗಳುಗಟ್ಟಲೆ ಕೊಟ್ಟಾಗ ಕ್ಷಯದ ರೋಗಾಣು ಅದಕ್ಕೆ ಬಗ್ಗದೆ ಹೋಯಿತು. ಅದಕ್ಕೇ ಮುಂದಿನ ಟ್ರಯಲ್‌ನಲ್ಲಿ ಸ್ಟ್ರೆಪ್ಟೊಮೈಸಿನ್ ಜೊತೆ ಪಿಎಎಸ್ ಎಂಬ ಎರಡನೆಯ ಔಷಧ ಸೇರಿಸಿದರು, ಕ್ಷಯಕ್ಕೆ ಇವತ್ತಿಗೂ ಒಂದೇ ಔಷಧ ಕೊಡುವುದಿಲ್ಲ.